ಎಡಮುರಿ ಅಣು, ಬಲಮುರಿ ಅಣು

ಬಲಮುರಿ ಗಣಪತಿಯ ವಿಗ್ರಹವನ್ನು ಎತ್ತ ತಿರುಗಿಸಿ ಕೂರಿಸಿದರೂ ಅದು ಎಡಮುರಿ ಗಣಪತಿಯಾಗುವುದಿಲ್ಲ. ಕನ್ನಡಿಯ ಎದುರು ಇಟ್ಟರೆ ಮಾತ್ರ ಒಳಗೆ ಎಡಮುರಿ ಗಣಪತಿ ಕಾಣುತ್ತಾನೆ. ಆ ಬಿಂಬವನ್ನೇ ನೋಡಿಕೊಂಡು ಶಿಲ್ಪಿ ಇನ್ನೊಂದು ವಿಗ್ರಹ ಕಡೆದರೆ ಸೊಂಡಿಲಿನ ಉದ್ದ, ಹೊಟ್ಟೆಯ ಸುತ್ತಳತೆ, ಕಲ್ಲಿನ ತೂಕ ಎಲ್ಲವೂ ಮೊದಲಿನದಕ್ಕೆ ಸಮನಾಗಿರುತ್ತವೆ. ಆದರೂ ಎರಡೂ ಒಂದೇ ಅಲ್ಲ. ಒಂದು ವಸ್ತು ತನ್ನ ಕನ್ನಡಿಬಿಂಬದೊಂದಿಗೆ ಹೀಗೆ ಹೊಂದಿ ಕೂರದಿದ್ದರೆ ಆ ಗುಣಕ್ಕೆ ಕೈರಾಲಿಟಿ ಎಂದು ಹೆಸರು. ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಳಕೆಗೆ ತಂದ ಪದ ಇದು. ಗ್ರೀಕ್ ಭಾಷೆಯಲ್ಲಿ ‘ಕೈರ್’ ಎಂದರೆ ಕೈ. ಕನ್ನಡದ ಕೈಗೂ ಅದಕ್ಕೂ ನಂಟಿಲ್ಲ, ಧ್ವನಿ ಕೂಡಿಬಂದದ್ದು ಆಕಸ್ಮಿಕ. ವಿದ್ಯಾರ್ಥಿಗೆ ನೆನಪಿಡಲು ಅನುಕೂಲ, ಅಷ್ಟೆ. ಎಡಗೈ ಬಲಗೈಗಳೂ ಇಂಥದೇ ಜೋಡಿ.

ಅಣುಗಳಲ್ಲಿ ಈ ಎಡ-ಬಲ ಹುಟ್ಟುವುದು ಹೆಚ್ಚಾಗಿ ಇಂಗಾಲದ ಪರಮಾಣುವಿನಿಂದ. ಇಂಗಾಲಕ್ಕೆ ನಾಲ್ಕು ಬಂಧಗಳು. ಅವು ಕಾಗದದ ಮೇಲೆ ಬರೆದ ಹಾಗೆ ಚಪ್ಪಟೆಯಾಗಿರುವುದಿಲ್ಲ. ಮೂರು ಕಾಲು ನೆಲಕ್ಕೂರಿ ಒಂದು ಕೈ ಮೇಲೆತ್ತಿದಂತೆ ನಾಲ್ಕು ದಿಕ್ಕಿಗೆ ಚಾಚಿರುತ್ತವೆ. ಡಚ್ಚರ ವಾಂಟ್ ಹಾಫ್ ಮತ್ತು ಫ್ರಾನ್ಸಿನ ಲೆ ಬೆಲ್ 1874ರಲ್ಲಿ ಬೇರೆಬೇರೆಯಾಗಿಯೇ ಈ ತೀರ್ಮಾನಕ್ಕೆ ಬಂದರು. ಆ ನಾಲ್ಕು ತುದಿಗಳಲ್ಲಿ ನಾಲ್ಕು ಬೇರೆ ಬೇರೆ ಗುಂಪುಗಳು ಕೂತರೆ ಅವನ್ನು ಜೋಡಿಸಲು ಎರಡು ಕ್ರಮಗಳು ಸಾಧ್ಯ, ಮತ್ತು ಒಂದು ಇನ್ನೊಂದರ ಕನ್ನಡಿಬಿಂಬ. ಈ ಎರಡನ್ನು ಪರಸ್ಪರ ಎನ್ಯಾಂಟಿಯೋಮರುಗಳು ಎನ್ನುತ್ತಾರೆ. ನಾಲ್ಕರಲ್ಲಿ ಯಾವ ಎರಡು ಗುಂಪುಗಳು ಒಂದೇ ಆದರೂ ಆ ಇಂಗಾಲದಲ್ಲಿ ಎಡ-ಬಲದ ಭೇದ ಉಳಿಯುವುದಿಲ್ಲ.

ಫಾರ್ಮಸಿ ವಿದ್ಯಾರ್ಥಿಗೆ ಇದನ್ನು ತೋರಿಸಲು ವಾರ್ಫರಿನ್‌ಗಿಂತ ಒಳ್ಳೆಯ ಉದಾಹರಣೆ ಕಡಿಮೆ. ಸಾಮಾನ್ಯರ ಮಾತಿನಲ್ಲಿ ಇದು ರಕ್ತ ತೆಳು ಮಾಡುವ ಮಾತ್ರೆ. ನಿಜವಾಗಿ ರಕ್ತವೇನೂ ತೆಳುವಾಗುವುದಿಲ್ಲ, ಹೆಪ್ಪುಗಟ್ಟುವ ಶಕ್ತಿ ಕಡಿಮೆಯಾಗುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕೆಡಿಸಿದ ಮೇವು ತಿಂದು ರಕ್ತ ಸುರಿಸಿಕೊಂಡು ಸಾಯುತ್ತಿದ್ದ ದನಗಳ ಕಾಯಿಲೆಯನ್ನು ಬೆನ್ನು ಹತ್ತಿದ ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನವಿಜ್ಞಾನಿಯ ತಂಡದ ಕೆಲಸದಿಂದ ಹುಟ್ಟಿದ ವಸ್ತು ಇದು. 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂತು, 1954ರಲ್ಲಿ ಮನುಷ್ಯರ ಔಷಧವಾಯಿತು. ಹೃದಯಕ್ಕೆ ಯಾಂತ್ರಿಕ ಕವಾಟ ಹಾಕಿಸಿಕೊಂಡವರು ಇಂದಿಗೂ ಇದನ್ನೋ ಇದರ ಬಳಗದ ಇನ್ನೊಂದನ್ನೋ ಬದುಕಿಡೀ ನುಂಗಬೇಕು.

ವಾರ್ಫರಿನ್‌ನಲ್ಲಿ ಒಂದೇ ಒಂದು ಕೈರಲ್ ಇಂಗಾಲವಿದೆ. ಅದಕ್ಕೆ ಅಂಟಿಕೊಂಡ ನಾಲ್ಕು ಗುಂಪುಗಳು ಇವು: ಹೈಡ್ರಾಕ್ಸಿ ಕೂಮರಿನ್ ಎಂಬ ಜೋಡಿ ಉಂಗುರ, ಫಿನೈಲ್ ಉಂಗುರ, ಕೀಟೋನ್ ಹೊತ್ತ ಒಂದು ಚಿಕ್ಕ ಬಾಲ, ಮತ್ತು ಒಂದು ಹೈಡ್ರೋಜನ್. ಹೆಸರಿಡುವ ಪದ್ಧತಿಯಲ್ಲಿ ಮೊದಲು ಈ ನಾಲ್ಕಕ್ಕೆ ಹಿರಿತನ ಗೊತ್ತುಮಾಡಬೇಕು. ಕೈರಲ್ ಇಂಗಾಲಕ್ಕೆ ನೇರವಾಗಿ ತಾಗಿದ ಪರಮಾಣುವಿನ ಪರಮಾಣು ಸಂಖ್ಯೆ ಹೆಚ್ಚಿದ್ದಷ್ಟೂ ಗುಂಪು ಹಿರಿದು. ಇಲ್ಲಿ ಹೈಡ್ರೋಜನ್ ಕೊನೆಯದು ಎಂಬುದು ಸ್ಪಷ್ಟ. ಉಳಿದ ಮೂರರಲ್ಲೂ ತಾಗಿದ್ದು ಇಂಗಾಲವೇ ಆದ್ದರಿಂದ ಒಂದು ಹೆಜ್ಜೆ ಮುಂದೆ ಹೋಗಿ ಆ ಇಂಗಾಲಗಳಿಗೆ ಏನೇನು ಅಂಟಿದೆ ಎಂದು ನೋಡಬೇಕಾಗುತ್ತದೆ. ಬಾಲದ ಮೊದಲ ಇಂಗಾಲಕ್ಕೆ ಎರಡು ಹೈಡ್ರೋಜನ್‌ಗಳಿವೆ, ಹಾಗಾಗಿ ಅದು ಮೂರನೆಯದು. ಎರಡು ಉಂಗುರಗಳ ನಡುವೆ ಇನ್ನೂ ಸಮಬಲ. ಮತ್ತೊಂದು ಹೆಜ್ಜೆ ಒಳಗೆ ಹೋದರೆ ಕೂಮರಿನ್ ಕಡೆ ಆಕ್ಸಿಜನ್ ಸಿಗುತ್ತದೆ, ಫಿನೈಲ್ ಕಡೆ ಸಿಗುವುದಿಲ್ಲ. ಕೂಮರಿನ್ ಮೊದಲನೆಯದು, ಫಿನೈಲ್ ಎರಡನೆಯದು.

ಈಗ ಹೈಡ್ರೋಜನ್ ನೋಡುವವರಿಂದ ಆಚೆಗೆ ಇರುವಂತೆ ಅಣುವನ್ನು ಹಿಡಿದು, ಕೂಮರಿನ್‌ನಿಂದ ಫಿನೈಲ್‌ಗೆ, ಅಲ್ಲಿಂದ ಬಾಲಕ್ಕೆ ಬೆರಳು ಆಡಿಸಬೇಕು. ಬೆರಳು ಪ್ರದಕ್ಷಿಣೆ ಬಂದರೆ ಅದು ಆರ್-ವಾರ್ಫರಿನ್, ಅಪ್ರದಕ್ಷಿಣೆಯಾದರೆ ಎಸ್-ವಾರ್ಫರಿನ್. ಇದು ಜೋಡಣೆಯ ಹೆಸರು. ಇದಲ್ಲದೆ ಧನ-ಋಣ ಚಿಹ್ನೆಗಳ ಇನ್ನೊಂದು ಹೆಸರೂ ಉಂಟು. ಧ್ರುವೀಕೃತ ಬೆಳಕನ್ನು ದ್ರಾವಣದ ಮೂಲಕ ಹಾಯಿಸಿದಾಗ ಅದು ಬಲಕ್ಕೆ ತಿರುಗಿದರೆ ಧನ, ಎಡಕ್ಕೆ ತಿರುಗಿದರೆ ಋಣ. ಇದನ್ನು ಪೋಲಾರಿಮೀಟರಿನಲ್ಲಿ ಅಳೆದೇ ತಿಳಿಯಬೇಕು. ಈ ಎರಡು ಹೆಸರುಗಳಿಗೆ ತಾಳೆ ಇಲ್ಲ. ಎಸ್-ವಾರ್ಫರಿನ್ ಋಣ, ಎಸ್-ಐಬುಪ್ರೊಫೆನ್ ಧನ. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಪೂಜೆಯ ಮನೆಯಲ್ಲಿ ಬಲಮುರಿ ಎನಿಸಿಕೊಳ್ಳುವ ಅಪರೂಪದ ಶಂಖವನ್ನು ಪ್ರಾಣಿವಿಜ್ಞಾನಿಗಳು ಎಡಸುತ್ತಿನದು ಎಂದೇ ಕರೆಯುತ್ತಾರೆ, ಏಕೆಂದರೆ ಅವರು ಶಂಖವನ್ನು ಹಿಡಿಯುವುದು ತಲೆಕೆಳಗಾಗಿ. ವಸ್ತು ಒಂದೇ, ನೋಡುವ ಕಟ್ಟಳೆ ಬೇರೆ.

ಎರಡು ಎನ್ಯಾಂಟಿಯೋಮರುಗಳನ್ನು ಸಾಮಾನ್ಯ ಪರೀಕ್ಷೆಗಳಿಂದ ಗುರುತಿಸುವುದು ಆಗದ ಮಾತು. ಕರಗುವ ಬಿಂದು, ನೀರಿನಲ್ಲಿ ಕರಗುವ ಪ್ರಮಾಣ, ಆಮ್ಲಗುಣ, ಅಣುತೂಕ ಎಲ್ಲವೂ ಒಂದೇ. ಕಾರ್ಖಾನೆಯಲ್ಲಿ ಮಾಮೂಲು ರಾಸಾಯನಿಕಗಳಿಂದ ವಾರ್ಫರಿನ್ ತಯಾರಿಸಿದರೆ ಎರಡೂ ಸಮಸಮ ಪ್ರಮಾಣದಲ್ಲಿ ಹುಟ್ಟುತ್ತವೆ, ಏಕೆಂದರೆ ಒಂದನ್ನು ಆರಿಸಿ ಇನ್ನೊಂದನ್ನು ಬಿಡಲು ಆ ರಾಸಾಯನಿಕಗಳಿಗೆ ಯಾವ ಕಾರಣವೂ ಇಲ್ಲ. ಈ ಅರ್ಧ-ಅರ್ಧ ಬೆರಕೆಗೆ ರೇಸಿಮಿಕ್ ಮಿಶ್ರಣ ಎನ್ನುತ್ತಾರೆ. ಒಂದು ಅರ್ಧ ಬೆಳಕನ್ನು ಬಲಕ್ಕೆ ತಿರುಗಿಸಿದಷ್ಟನ್ನೇ ಇನ್ನೊಂದು ಅರ್ಧ ಎಡಕ್ಕೆ ತಿರುಗಿಸುವುದರಿಂದ ಪೋಲಾರಿಮೀಟರು ಸೊನ್ನೆ ತೋರಿಸುತ್ತದೆ.

ಲೂಯಿ ಪಾಶ್ಚರ್ 1848ರಲ್ಲಿ ಬಿಡಿಸಿದ ಒಗಟು ಇದೇ. ದ್ರಾಕ್ಷಾರಸದ ತೊಟ್ಟಿಗಳಲ್ಲಿ ಸಿಗುವ ಟಾರ್ಟಾರಿಕ್ ಆಮ್ಲ ಬೆಳಕನ್ನು ತಿರುಗಿಸುತ್ತಿತ್ತು. ರಾಸಾಯನಿಕವಾಗಿ ಅದರಂತೆಯೇ ಇದ್ದ ಇನ್ನೊಂದು ಆಮ್ಲ ತಿರುಗಿಸುತ್ತಿರಲಿಲ್ಲ. ಆ ಎರಡನೆಯ ಆಮ್ಲದ ಸೋಡಿಯಂ ಅಮೋನಿಯಂ ಲವಣದ ಹರಳುಗಳನ್ನು ಪಾಶ್ಚರ್ ಹತ್ತಿರದಿಂದ ನೋಡಿದಾಗ ಕೆಲವುಗಳ ಓರೆಮುಖ ಬಲಕ್ಕೂ ಕೆಲವುಗಳದು ಎಡಕ್ಕೂ ಇತ್ತು. ಚಿಮಟದಲ್ಲಿ ಒಂದೊಂದಾಗಿ ಆರಿಸಿ ಎರಡು ಗುಡ್ಡೆ ಮಾಡಿ, ಬೇರೆ ಬೇರೆಯಾಗಿ ಕರಗಿಸಿ ನೋಡಿದರೆ ಎರಡೂ ಬೆಳಕನ್ನು ತಿರುಗಿಸಿದವು, ವಿರುದ್ಧ ದಿಕ್ಕಿಗೆ. ಒಂದು ಗುಡ್ಡೆಯದು ದ್ರಾಕ್ಷಿಯ ಆಮ್ಲವೇ ಆಗಿತ್ತು. ಅದೇ ಕೈಯ ಆಮ್ಲ ನಮ್ಮ ಹುಣಸೆಹಣ್ಣಿನಲ್ಲೂ ಇದೆ, ಸಾರಿಗೆ ಹುಳಿ ಕೊಡುವುದು ಅದೇ. ಪಾಶ್ಚರ್‌ಗೆ ಅದೃಷ್ಟವೂ ಜೊತೆಗಿತ್ತು: ಆ ಲವಣದ ಎಡ ಹರಳು ಬಲ ಹರಳು ಬೇರೆಬೇರೆಯಾಗಿ ಕಟ್ಟುವುದು ಹವೆ ತಂಪಾಗಿದ್ದಾಗ ಮಾತ್ರ. ಬಿಸಿಲ ಬೇಗೆಯಲ್ಲಿ ಇದೇ ಪ್ರಯೋಗ ಮಾಡಿದ್ದರೆ ಆರಿಸಲು ಎರಡು ಬಗೆ ಸಿಗುತ್ತಿರಲಿಲ್ಲ.

ಗಾಜಿನ ಪಾತ್ರೆಯಲ್ಲಿ ಹೀಗೆ ಒಂದೇ ಎನಿಸುವ ಅವಳಿಗಳು ದೇಹದೊಳಗೆ ಬೇರೆಯಾಗಲು ಕಾರಣ ದೇಹವೇ ಕೈರಲ್ ಆಗಿರುವುದು. ಮನುಷ್ಯನ ಪ್ರೋಟೀನುಗಳನ್ನು ಕಟ್ಟುವ ಇಪ್ಪತ್ತು ಅಮೈನೋ ಆಮ್ಲಗಳಲ್ಲಿ ಗ್ಲೈಸಿನ್ ಒಂದನ್ನು ಬಿಟ್ಟು ಉಳಿದವೆಲ್ಲ ಕೈರಲ್, ಮತ್ತು ಅವೆಲ್ಲ ಒಂದೇ ಕೈಯವು. ಒಂದೇ ಕೈಯ ಇಟ್ಟಿಗೆಗಳಿಂದ ಕಟ್ಟಿದ ಕಿಣ್ವದ ಗುಳಿಯಾಗಲಿ, ಜೀವಕೋಶದ ಮೇಲಿನ ರಿಸೆಪ್ಟರ್ ಆಗಲಿ ಎಡ-ಬಲ ಬಲ್ಲದು. ಕಾಲುಚೀಲ ಯಾವ ಪಾದಕ್ಕಾದರೂ ಆದೀತು. ಬಲಗಾಲಿನ ಬೂಟಿಗೆ ಎಡಪಾದ ತೂರಿಸಿದರೆ ಒಂದೋ ಹೋಗುವುದಿಲ್ಲ, ಹೋದರೂ ನಡೆಯಲಾಗುವುದಿಲ್ಲ. ಇದರ ಅತ್ಯಂತ ಅಗ್ಗದ ಪ್ರಯೋಗ ಅಡುಗೆಮನೆಯಲ್ಲೇ ಇದೆ. ಪುದೀನ ಜಾತಿಯ ಸ್ಪಿಯರ್‌ಮಿಂಟ್ ಸೊಪ್ಪಿನ ಪರಿಮಳಕ್ಕೆ ಮುಖ್ಯ ಕಾರಣ ಆರ್-ಕಾರ್ವೋನ್. ಸಬ್ಬಸಿಗೆ ಬೀಜದಲ್ಲಿರುವುದು ಅದರ ಕನ್ನಡಿಬಿಂಬವಾದ ಎಸ್-ಕಾರ್ವೋನ್. ಎರಡರ ಸೂತ್ರವೂ ಒಂದೇ, ಆದರೆ ಮೂಗಿನ ರಿಸೆಪ್ಟರುಗಳು ಕಣ್ಣು ಮುಚ್ಚಿಕೊಂಡೇ ವ್ಯತ್ಯಾಸ ಹೇಳುತ್ತವೆ.

ಈ ಹೊಂದಾಣಿಕೆ ಹೇಗೆ ತಪ್ಪುತ್ತದೆ ಎಂಬುದಕ್ಕೆ 1933ರಲ್ಲಿ ಈಸನ್ ಮತ್ತು ಸ್ಟೆಡ್‌ಮನ್ ಕೊಟ್ಟ ವಿವರಣೆ ಇಂದಿಗೂ ಪಾಠಕ್ಕೆ ಸಾಕು. ಔಷಧದ ಅಣು ರಿಸೆಪ್ಟರನ್ನು ಕಡೇಪಕ್ಷ ಮೂರು ಕಡೆ ಹಿಡಿದರೆ ಆ ಹಿಡಿತ ಎಡ-ಬಲವನ್ನು ಬೇರ್ಪಡಿಸಬಲ್ಲದು. ದೇಹದಲ್ಲಿ ಹುಟ್ಟುವ ಅಡ್ರಿನಲಿನ್ ಆರ್ ರೂಪದ್ದು. ಅದರ ಉಂಗುರ, ಅಮೈನ್ ಗುಂಪು, ಪಕ್ಕದ ಇಂಗಾಲದ ಮೇಲಿನ ಹೈಡ್ರಾಕ್ಸಿಲ್ ಮೂರೂ ರಿಸೆಪ್ಟರಿನ ಮೂರು ಜಾಗಗಳಿಗೆ ಕೂರುತ್ತವೆ. ಎಸ್ ರೂಪದಲ್ಲಿ ಉಂಗುರ ಮತ್ತು ಅಮೈನ್ ಕೂತಾಗ ಹೈಡ್ರಾಕ್ಸಿಲ್ ತಪ್ಪು ದಿಕ್ಕಿಗೆ ಮುಖ ಮಾಡಿರುತ್ತದೆ. ಎರಡೇ ಹಿಡಿತ, ಹಾಗಾಗಿ ಪರಿಣಾಮ ಬಹಳ ಕಡಿಮೆ. ಹೈಡ್ರಾಕ್ಸಿಲನ್ನೇ ಕಿತ್ತುಹಾಕಿದ ಎಪಿನೈನ್ ಎಂಬ ಅಣುವಿನ ಶಕ್ತಿ ಸುಮಾರಾಗಿ ಈ ಎಸ್ ರೂಪದಷ್ಟೇ ಇರುವುದು ಆ ವಿವರಣೆಗೆ ಬಲ ಕೊಡುತ್ತದೆ. ತಪ್ಪು ಕಡೆಗಿರುವ ಹೈಡ್ರಾಕ್ಸಿಲ್ ಇದ್ದೂ ಇಲ್ಲದಂತೆ.

ವಾರ್ಫರಿನ್ ಕೆಲಸ ಮಾಡುವುದು ಯಕೃತ್ತಿನಲ್ಲಿ. ರಕ್ತ ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನುಗಳು ತಯಾರಾಗಲು ವಿಟಮಿನ್ ಕೆ ಬೇಕು. ಒಮ್ಮೆ ಬಳಸಿದ ವಿಟಮಿನ್ ಕೆ ಮತ್ತೆ ಬಳಕೆಗೆ ಬರುವಂತೆ ಮಾಡುವ ಕಿಣ್ವವನ್ನು ವಾರ್ಫರಿನ್ ತಡೆಯುತ್ತದೆ. ಎರಡು ಎನ್ಯಾಂಟಿಯೋಮರುಗಳೂ ಈ ಕಿಣ್ವವನ್ನು ಹಿಡಿಯುತ್ತವೆ, ಆದರೆ ಎಸ್-ವಾರ್ಫರಿನ್ ಮನುಷ್ಯನಲ್ಲಿ ಆರ್‌ಗಿಂತ 2ರಿಂದ 5 ಪಟ್ಟು ಪ್ರಬಲ. ಕಥೆ ಇಷ್ಟೇ ಆಗಿದ್ದರೆ ಸರಳವಾಗಿರುತ್ತಿತ್ತು. ಔಷಧವನ್ನು ದೇಹದಿಂದ ಹೊರಹಾಕುವ ಕಿಣ್ವಗಳೂ ಕೈರಲ್ ಎಂಬುದು ಎರಡನೆಯ ಅಂಶ, ಮತ್ತು ವೈದ್ಯಕೀಯದಲ್ಲಿ ಹೆಚ್ಚು ತೊಂದರೆ ಕೊಡುವುದು ಇದೇ. ಎಸ್-ವಾರ್ಫರಿನ್ನನ್ನು ಒಡೆಯುವುದು ಮುಖ್ಯವಾಗಿ ಯಕೃತ್ತಿನ ಸಿಪ್-2ಸಿ9 ಎಂಬ ಒಂದೇ ಕಿಣ್ವ. ಆರ್-ವಾರ್ಫರಿನ್ನನ್ನು ಸಿಪ್-3ಎ4, ಸಿಪ್-1ಎ2 ಮೊದಲಾದ ಹಲವು ಕಿಣ್ವಗಳು ಹಂಚಿಕೊಂಡು ಒಡೆಯುತ್ತವೆ. ಎಸ್‌ನ ಅರ್ಧಾಯುಷ್ಯ 21ರಿಂದ 43 ಗಂಟೆ, ಆರ್‌ನದು 37ರಿಂದ 89 ಗಂಟೆ. ಹೀಗಾಗಿ ಮಾತ್ರೆಯಲ್ಲಿ ಎರಡೂ ಸಮಸಮ ಇದ್ದರೂ, ದಿನವೂ ನುಂಗುತ್ತಿರುವವರ ರಕ್ತದಲ್ಲಿ ಆರ್ ಹೆಚ್ಚು, ಎಸ್ ಕಡಿಮೆ. ಇದ್ದುದರಲ್ಲಿ ಕಡಿಮೆಯಾದ ಎಸ್‌ನಿಂದಲೇ ಹೆಚ್ಚಿನ ಕೆಲಸ ನಡೆಯುತ್ತಿರುತ್ತದೆ.

ಸಂಧಿವಾತಕ್ಕೆ ಒಂದು ಕಾಲದಲ್ಲಿ ಧಾರಾಳವಾಗಿ ಬರೆದುಕೊಡುತ್ತಿದ್ದ ಫಿನೈಲ್‌ಬ್ಯುಟಾಜೋನ್ ಎಂಬ ನೋವಿನ ಮಾತ್ರೆ ಈ ಭೇದವನ್ನು ಬಯಲಿಗೆಳೆಯಿತು. ವಾರ್ಫರಿನ್ ಜೊತೆಗೆ ಅದನ್ನು ತೆಗೆದುಕೊಂಡವರಲ್ಲಿ ರಕ್ತಸ್ರಾವ ಆಗುತ್ತಿತ್ತು. ಆದರೆ ರಕ್ತದಲ್ಲಿನ ವಾರ್ಫರಿನ್ ಅಳೆದು ನೋಡಿದರೆ ಅದು ದೇಹದಿಂದ ಹೊರಹೋಗುವ ವೇಗ ಕಡಿಮೆಯಾದಂತೆ ಕಾಣುತ್ತಿರಲಿಲ್ಲ. ವಾರ್ಫರಿನ್‌ನ ನೂರಕ್ಕೆ 99ರಷ್ಟು ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ, ಫಿನೈಲ್‌ಬ್ಯುಟಾಜೋನ್ ಅದನ್ನು ಅಲ್ಲಿಂದ ಕಿತ್ತು ಬಿಡುತ್ತದೆ ಎಂಬ ವಿವರಣೆ ಪಠ್ಯಪುಸ್ತಕಗಳಲ್ಲಿ ಕೂತುಬಿಟ್ಟಿತ್ತು. 1974ರಲ್ಲಿ ಸಂಶೋಧಕರು ಎರಡು ಎನ್ಯಾಂಟಿಯೋಮರುಗಳನ್ನು ಬೇರೆಬೇರೆಯಾಗಿ ಅಳೆದಾಗ ನಿಜ ಹೊರಬಿತ್ತು: ಫಿನೈಲ್‌ಬ್ಯುಟಾಜೋನ್ ಎಸ್-ವಾರ್ಫರಿನ್ ಒಡೆಯುವುದನ್ನು ತಡೆಯುತ್ತಿತ್ತು, ಅದೇ ಹೊತ್ತಿಗೆ ಆರ್-ವಾರ್ಫರಿನ್ ಹೊರಹೋಗುವುದನ್ನು ಚುರುಕುಗೊಳಿಸುತ್ತಿತ್ತು. ಒಂದು ಏರಿ ಇನ್ನೊಂದು ಇಳಿದಾಗ ಒಟ್ಟು ಮೊತ್ತ ಅಲುಗಾಡಿದಂತೆ ಕಾಣುವುದಿಲ್ಲ.

ಇದನ್ನು ಸುಲಭ ಅಂಕಿಗಳಲ್ಲಿ ನೋಡಬಹುದು. ಅಂಕಿಗಳು ಲೆಕ್ಕಕ್ಕಾಗಿ ಊಹಿಸಿಕೊಂಡವು. ರೋಗಿಯ ರಕ್ತದಲ್ಲಿ ಒಟ್ಟು ವಾರ್ಫರಿನ್ 100 ಪಾಲು, ಅದರಲ್ಲಿ ಎಸ್ 40, ಆರ್ 60 ಎಂದುಕೊಳ್ಳಬೇಕು. ಎಸ್‌ನ ಒಂದು ಪಾಲು ಆರ್‌ನ ನಾಲ್ಕು ಪಾಲಿಗೆ ಸಮ ಎಂದಿಟ್ಟುಕೊಂಡರೆ, ಎಸ್‌ನಿಂದ 160 ಮತ್ತು ಆರ್‌ನಿಂದ 60 ಸೇರಿ ಪರಿಣಾಮ 220 ಆಯಿತು. ನೋವಿನ ಮಾತ್ರೆ ಸೇರಿದ ಮೇಲೆ ಎಸ್ 60ಕ್ಕೆ ಏರಿ ಆರ್ 40ಕ್ಕೆ ಇಳಿಯಿತು ಎನ್ನೋಣ. ಒಟ್ಟು ಈಗಲೂ 100. ಪರಿಣಾಮ ಮಾತ್ರ 240 ಮತ್ತು 40 ಸೇರಿ 280. ಪ್ರಯೋಗಾಲಯದ ಚೀಟಿಯಲ್ಲಿ ಔಷಧದ ಮಟ್ಟ ಎಳ್ಳಷ್ಟೂ ಬದಲಾಗಿಲ್ಲ, ರೋಗಿಯ ವಸಡಿನಲ್ಲಿ ಮಾತ್ರ ರಕ್ತ ಜಿನುಗುತ್ತಿದೆ. ಎರಡು ಬೇರೆ ಔಷಧಗಳನ್ನು ಒಂದೇ ಎಂದು ಅಳೆದರೆ ಆಗುವ ಮೋಸ ಇದು. ರೇಸಿಮಿಕ್ ಔಷಧವನ್ನು ಒಂದು ಔಷಧ ಎನ್ನುವುದಕ್ಕಿಂತ ಒಂದೇ ಮಾತ್ರೆಯೊಳಗಿನ ಎರಡು ಔಷಧ ಎಂದು ತಿಳಿಯುವುದೇ ಸರಿ.

ಫಿನೈಲ್‌ಬ್ಯುಟಾಜೋನ್ ಮನುಷ್ಯರ ಬಳಕೆಯಿಂದ ಬಹುಮಟ್ಟಿಗೆ ಮರೆಯಾಗಿದೆ. ಆದರೆ ಮೆಟ್ರೊನಿಡಜೋಲ್ ಮರೆಯಾಗಿಲ್ಲ. ಭೇದಿಗೆ, ಹಲ್ಲಿನ ಸೋಂಕಿಗೆ ಇಂದಿಗೂ ಅದನ್ನು ಬರೆದುಕೊಡುತ್ತಾರೆ, ಚೀಟಿಯಿಲ್ಲದೆ ಕೇಳಿಕೊಂಡು ಬರುವವರೂ ಇದ್ದಾರೆ. ಅದೂ ಎಸ್-ವಾರ್ಫರಿನ್ ಒಡೆಯುವುದನ್ನೇ ತಡೆಯುತ್ತದೆ. ಆರೋಗ್ಯವಂತರ ಮೇಲೆ ನಡೆಸಿ 1976ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ರೇಸಿಮಿಕ್ ವಾರ್ಫರಿನ್ ಜೊತೆಗೂ ಬರೀ ಎಸ್-ವಾರ್ಫರಿನ್ ಜೊತೆಗೂ ಮೆಟ್ರೊನಿಡಜೋಲ್ ಕೊಟ್ಟಾಗ ಹೆಪ್ಪುಗಟ್ಟುವ ಸಮಯ ಹೆಚ್ಚಾಯಿತು. ಬರೀ ಆರ್-ವಾರ್ಫರಿನ್ ಜೊತೆಗೆ ಕೊಟ್ಟಾಗ ಏನೂ ಆಗಲಿಲ್ಲ. ಇದಕ್ಕೆ ತಿರುಗುಮುರುಗಾದದ್ದು ಆಮ್ಲಪಿತ್ತಕ್ಕೆ ಬಳಸುವ ಸಿಮೆಟಿಡಿನ್. ಅದು ತಡೆಯುವುದು ಆರ್-ವಾರ್ಫರಿನ್ ಹೊರಹೋಗುವುದನ್ನು, ಹಾಗಾಗಿ ರಕ್ತದಲ್ಲಿ ವಾರ್ಫರಿನ್ ಮಟ್ಟ ಏರಿದರೂ ಹೆಪ್ಪುಗಟ್ಟುವಿಕೆಯ ಮೇಲೆ ಪರಿಣಾಮ ಸಾಮಾನ್ಯವಾಗಿ ಅಲ್ಪ.

ಕವಾಟದ ಶಸ್ತ್ರಚಿಕಿತ್ಸೆಯಾಗಿ ವಾರ್ಫರಿನ್ ನುಂಗುತ್ತಿರುವ ಒಬ್ಬರಿಗೆ ಭೇದಿಯಾಗಿ 400 ಮಿಲಿಗ್ರಾಂ ಮೆಟ್ರೊನಿಡಜೋಲ್ ದಿನಕ್ಕೆ ಮೂರು ಬಾರಿ ಶುರುವಾಯಿತು ಎಂದುಕೊಂಡರೆ, ಮೊದಲ ದಿನ ಏನೂ ಕಾಣುವುದಿಲ್ಲ. ಎಸ್-ವಾರ್ಫರಿನ್ ಶೇಖರವಾಗಲು ಸಮಯ ಬೇಕು. ಈಗಾಗಲೇ ರಕ್ತದಲ್ಲಿರುವ ಹೆಪ್ಪುಗಟ್ಟಿಸುವ ಪ್ರೋಟೀನುಗಳು ಖರ್ಚಾಗಲೂ ಎರಡು ಮೂರು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಭೇದಿ ನಿಂತಿರಬಹುದು, ರೋಗಿ ಮಾತ್ರೆಯನ್ನೇ ಮರೆತಿರಬಹುದು. ಆಮೇಲೆ ಹಲ್ಲುಜ್ಜುವಾಗ ರಕ್ತ, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ, ಮೂತ್ರ ಕೆಂಪಾಗುವುದು, ಮಲ ಕಪ್ಪಾಗುವುದು ಇವು ಎಚ್ಚರಿಕೆಯ ಗುರುತುಗಳು. ಇದನ್ನು ಮೊದಲೇ ಹಿಡಿಯುವ ಪರೀಕ್ಷೆ ಐಎನ್‌ಆರ್. ವಾರ್ಫರಿನ್ ತೆಗೆದುಕೊಳ್ಳುವ ಹೆಚ್ಚಿನವರಲ್ಲಿ ಅದು 2ರಿಂದ 3ರ ನಡುವೆ ಇರಬೇಕು, ಕೆಲವು ಬಗೆಯ ಕವಾಟಗಳಿಗೆ ಸ್ವಲ್ಪ ಹೆಚ್ಚು. ಐಎನ್‌ಆರ್ ಅಳೆಯುವುದು ಔಷಧವನ್ನಲ್ಲ, ಪರಿಣಾಮವನ್ನು. ಆದ್ದರಿಂದ ಎಸ್-ಆರ್ ಗೊಂದಲ ಅದನ್ನು ದಾರಿತಪ್ಪಿಸುವುದಿಲ್ಲ.

ಹಾಗಿದ್ದರೆ ಪ್ರಬಲವಾದ ಎಸ್-ವಾರ್ಫರಿನ್ ಒಂದನ್ನೇ ಬೇರ್ಪಡಿಸಿ ಏಕೆ ಮಾರುವುದಿಲ್ಲ ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದು ಸಹಜ. ಹಾಗೆ ಮಾಡಿದರೆ ರೋಗಿಯ ಇಡೀ ಭಾರ ಸಿಪ್-2ಸಿ9 ಎಂಬ ಒಂದೇ ಕಿಣ್ವದ ಮೇಲೆ ಬೀಳುತ್ತದೆ, ಮತ್ತು ಆ ಕಿಣ್ವ ಎಲ್ಲರಲ್ಲೂ ಒಂದೇ ಸಮ ಕೆಲಸ ಮಾಡುವುದಿಲ್ಲ. ಹುಟ್ಟಿನಿಂದಲೇ ಅದರ ನಿಧಾನ ರೂಪ ಹೊತ್ತವರಿದ್ದಾರೆ. ಅವರಿಗೆ ಮಾಮೂಲು ಪ್ರಮಾಣವೇ ಅತಿಯಾಗುತ್ತದೆ. ಈಗಿನ ಬೆರಕೆಯೂ ಈ ಕಷ್ಟದಿಂದ ಪೂರ್ತಿ ಪಾರಾಗಿಲ್ಲ, ಆದರೆ ಶುದ್ಧ ಎಸ್ ಅದನ್ನು ಹೆಚ್ಚಿಸುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ. ಶುದ್ಧವಾದದ್ದು ಎಂದ ಮಾತ್ರಕ್ಕೆ ಉತ್ತಮ ಎಂದಲ್ಲ.

ಪ್ರಬಲವಾದದ್ದೇ ಕೆಲಸ ಮಾಡುತ್ತದೆ ಎಂಬ ನಿಯಮವೂ ಇಲ್ಲ. ಭಾರತದಲ್ಲಿ ವಾರ್ಫರಿನ್ ಜೊತೆಗೆ ಅಸಿನೊಕೂಮರಾಲ್ ಎಂಬ ಅದರ ಹತ್ತಿರದ ಬಂಧು ಧಾರಾಳವಾಗಿ ಬಳಕೆಯಲ್ಲಿದೆ. ಅದರಲ್ಲೂ ಎಸ್ ರೂಪವೇ ಪ್ರಬಲ. ಆದರೆ ಸಿಪ್-2ಸಿ9 ಅದನ್ನು ಎಷ್ಟು ಬೇಗ ಒಡೆಯುತ್ತದೆಂದರೆ ಅರ್ಧಾಯುಷ್ಯ ಎರಡು ಗಂಟೆಯನ್ನೂ ಮುಟ್ಟುವುದಿಲ್ಲ. ಅದು ಕೆಲಸ ಹಿಡಿಯುವ ಮುಂಚೆಯೇ ಹೊರಟುಹೋಗುತ್ತದೆ, ಹಲವು ಗಂಟೆ ರಕ್ತದಲ್ಲಿ ಉಳಿಯುವ ದುರ್ಬಲ ಆರ್ ರೂಪವೇ ಇಡೀ ಹೊರೆ ಹೊರುತ್ತದೆ. ವಾರ್ಫರಿನ್‌ನಲ್ಲಿ ಎಸ್, ಅಸಿನೊಕೂಮರಾಲ್‌ನಲ್ಲಿ ಆರ್. ರಚನೆಯಲ್ಲಿ ಇವೆರಡರ ವ್ಯತ್ಯಾಸ ಫಿನೈಲ್ ಉಂಗುರದ ಮೇಲಿನ ಒಂದು ನೈಟ್ರೋ ಗುಂಪು ಮಾತ್ರ. ಸಿಪ್-2ಸಿ9ರ ನಿಧಾನ ರೂಪ ಇರುವವರಲ್ಲಿ ಅಸಿನೊಕೂಮರಾಲ್‌ನ ಎಸ್ ಕೂಡ ಉಳಿದುಕೊಂಡು ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ.

ಕೆಲವು ಔಷಧಗಳಲ್ಲಿ ಒಂದು ಕೈ ದೇಹದೊಳಗೆ ಇನ್ನೊಂದು ಕೈಯಾಗಿ ಬದಲಾಗುವುದೂ ಉಂಟು. ಐಬುಪ್ರೊಫೆನ್‌ನಲ್ಲಿ ನೋವು ಕಡಿಮೆ ಮಾಡುವುದು ಎಸ್ ರೂಪ. ಆದರೆ ನುಂಗಿದ ಆರ್ ರೂಪದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ದೇಹದ ಕಿಣ್ವಗಳೇ ಎಸ್ ಆಗಿ ತಿರುಗಿಸುತ್ತವೆ. ಆ ದಾರಿ ಒಮ್ಮುಖ, ಎಸ್ ಮತ್ತೆ ಆರ್ ಆಗುವುದಿಲ್ಲ. ಥಾಲಿಡೊಮೈಡ್‌ನ ದಾರಿ ಇಮ್ಮುಖ. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದು, ಗರ್ಭಿಣಿಯರು ತೆಗೆದುಕೊಂಡು ಸಾವಿರಾರು ಶಿಶುಗಳು ಕೈಕಾಲುಗಳ ಊನದೊಂದಿಗೆ ಹುಟ್ಟಿದ ಮೇಲೆ 1961ರಲ್ಲಿ ಹಿಂದೆಗೆದುಕೊಂಡ ಔಷಧ ಅದು. ಒಂದು ಎನ್ಯಾಂಟಿಯೋಮರ್ ನಿದ್ದೆಗೆ, ಇನ್ನೊಂದು ಊನಕ್ಕೆ ಕಾರಣ. ಒಳ್ಳೆಯದೊಂದನ್ನೇ ಕೊಟ್ಟಿದ್ದರೆ ದುರಂತ ತಪ್ಪುತ್ತಿತ್ತು ಎಂಬ ಮಾತನ್ನು ಅನೇಕ ಪುಸ್ತಕಗಳು ಇಂದಿಗೂ ಬರೆಯುತ್ತವೆ. ಅದು ತಪ್ಪು. ಶುದ್ಧ ಆರ್-ಥಾಲಿಡೊಮೈಡ್ ನುಂಗಿದರೂ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಎರಡೂ ಇರುತ್ತವೆ. ಆ ಕೈರಲ್ ಇಂಗಾಲದ ಹೈಡ್ರೋಜನ್ ಸುಲಭವಾಗಿ ಕಳಚಿ ಮತ್ತೆ ಯಾವ ಕಡೆಯಿಂದ ಬೇಕಾದರೂ ಅಂಟಿಕೊಳ್ಳಬಲ್ಲದು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1992ರಲ್ಲಿ ಈ ಬಗ್ಗೆ ತನ್ನ ನೀತಿಯನ್ನು ಪ್ರಕಟಿಸಿತು. ರೇಸಿಮಿಕ್ ಔಷಧ ತರಬಾರದು ಎಂದು ಅದು ಹೇಳಲಿಲ್ಲ. ತರುವುದಾದರೆ ಎರಡು ಎನ್ಯಾಂಟಿಯೋಮರುಗಳೂ ಏನು ಮಾಡುತ್ತವೆ ಎಂದು ಬೇರೆಬೇರೆಯಾಗಿ ತಿಳಿದಿರಬೇಕು ಎಂದಿತು. ಈಗ ಅವನ್ನು ಅಳೆಯಲು ಪಾಶ್ಚರ್‌ನ ಚಿಮಟ ಬೇಕಿಲ್ಲ. ಎಚ್‌ಪಿಎಲ್‌ಸಿ ಯಂತ್ರಕ್ಕೆ ಕೈರಲ್ ಕಾಲಂ ಜೋಡಿಸಿದರೆ ಸಾಕು. ಅದರೊಳಗಿನ ಸಿಲಿಕಾ ಕಣಗಳಿಗೆ ಬಳಿದಿರುವ ಸೆಲ್ಯುಲೋಸಿನಂಥ ಕೈರಲ್ ವಸ್ತು ಒಂದು ಕೈಯನ್ನು ತುಸು ಹೆಚ್ಚು ಹೊತ್ತು ಹಿಡಿದುಕೊಳ್ಳುತ್ತದೆ, ಇನ್ನೊಂದನ್ನು ಬೇಗ ಬಿಡುತ್ತದೆ. ಮಾಮೂಲು ಕಾಲಂನಲ್ಲಿ ಒಂದೇ ಶಿಖರವಾಗಿ ಬರುವ ವಾರ್ಫರಿನ್ ಇಲ್ಲಿ ಎರಡು ಶಿಖರವಾಗಿ ಬರುತ್ತದೆ.

ಔಷಧದ ಅಂಗಡಿಯ ಕಪಾಟಿನಲ್ಲಿ ಇದೆಲ್ಲ ಕಾಣಿಸಿಕೊಳ್ಳುವುದು ಹೆಸರಿನ ಮುಂದಿನ ಒಂದು ಪುಟ್ಟ ತುಣುಕಾಗಿ: ಎಸ್, ಲೆವೊ, ಡೆಕ್ಸ್. ಸೆಟಿರಿಜಿನ್ 10 ಮಿಲಿಗ್ರಾಂ ಆದರೆ ಲೆವೊಸೆಟಿರಿಜಿನ್ 5, ಅಮ್ಲೋಡಿಪಿನ್ 5 ಆದರೆ ಎಸ್-ಅಮ್ಲೋಡಿಪಿನ್ 2.5. ಕೆಲಸಕ್ಕೆ ಬಾರದ ಅರ್ಧವನ್ನು ತೆಗೆದುಹಾಕಿದ್ದರಿಂದ ಪ್ರಮಾಣವೂ ಅರ್ಧವಾಗಿದೆ. ಈ ಅರ್ಧದ ಲೆಕ್ಕವನ್ನು ಎಲ್ಲ ಕಡೆ ಹಾಕಿದರೆ ಕೆಡುತ್ತದೆ. ಒಮೆಪ್ರಜೋಲ್ 20 ಮಿಲಿಗ್ರಾಂ ಇರುವಲ್ಲಿ ಎಸೊಮೆಪ್ರಜೋಲ್ 20 ಅಥವಾ 40 ಕೊಡುತ್ತಾರೆ, ಏಕೆಂದರೆ ಅದರ ಎರಡು ಕೈಗಳೂ ಹೊಟ್ಟೆಯ ಆಮ್ಲದಲ್ಲಿ ಕೈರಲ್ ಅಲ್ಲದ ಒಂದೇ ವಸ್ತುವಾಗಿ ಬದಲಾಗಿ ಕೆಲಸ ಮಾಡುತ್ತವೆ. ವ್ಯತ್ಯಾಸ ಇರುವುದು ಯಕೃತ್ತು ಒಡೆಯುವ ವೇಗದಲ್ಲಿ ಮಾತ್ರ. ಲೆವೊಥೈರಾಕ್ಸಿನ್‌ನ ಲೆವೊ ಯಾವ ರೇಸಿಮಿಕ್ ಮಾತ್ರೆಯ ಅರ್ಧವೂ ಅಲ್ಲ, ದೇಹದ ಸ್ವಂತ ಹಾರ್ಮೋನಿನ ಕೈ ಅದು. ಹಾಗಾಗಿ ಪ್ರಮಾಣವನ್ನು ಪ್ರತಿ ಔಷಧಕ್ಕೂ ಬೇರೆಯಾಗಿಯೇ ನೋಡಿಕೊಳ್ಳಬೇಕು. ಅಮ್ಲೋಡಿಪಿನ್ 5 ಎಂದು ಬರೆದ ಚೀಟಿಗೆ ಎಸ್-ಅಮ್ಲೋಡಿಪಿನ್ 5 ಕೊಟ್ಟರೆ ರೋಗಿಯ ಹೊಟ್ಟೆಗೆ ಹೋಗುವುದು ಎರಡು ಪಟ್ಟು ಔಷಧ. ಕಾಲು ಊದಿಕೊಂಡು, ಎದ್ದು ನಿಂತಾಗ ತಲೆ ಸುತ್ತುತ್ತದೆ ಎಂದು ಆತ ಮರಳಿ ಬಂದಾಗ ಮೊದಲು ನೋಡಬೇಕಾದ್ದು ಪಟ್ಟಿಯ ಮೇಲಿನ ಆ ಒಂದು ಅಕ್ಷರವನ್ನು.